ರಿಜಿಸ್ಟರ್ ಮದುವೆಯಲ್ಲಿ ಅಧಿಕಾರಿ ಮೊದಲು ಏನು ಹೇಳಬೇಕು?

ಸಬ್ ರಿಜಿಸ್ಟ್ರಾರ್ ಕೆಲಸದಿಂದ ನಿವೃತ್ತಿಯಾದ ಮೇಲೂ ನನ್ನನ್ನು ಕಾಡುವ ವಿಷಯ ಇದು. ವಿಶೇಷ ವಿವಾಹ ಕಾಯ್ದೆಯ ಮದುವೆಗೆ ಮನೆಯವರು ಐದಾರು ಜನ ಬಂದಿರುತ್ತಾರೆ, ಅಧಿಕಾರಿ ತಲೆ ಎತ್ತದೆ "ಇಲ್ಲಿ ಸಹಿ ಹಾಕಿ" ಅಂತಾರೆ. ಅಷ್ಟೇ. ಎಲ್ಲರೂ ಪೆನ್ನಿನ ಫೋಟೋ ತೆಗೆಯುತ್ತಾರೆ, ಚಪ್ಪಾಳೆ ಹೊಡೆಯುತ್ತಾರೆ, ಮದುವೆ ಮುಗಿಯಿತು ಅಂದುಕೊಳ್ಳುತ್ತಾರೆ.

ಮುಗಿದಿರುವುದಿಲ್ಲ. ಆ ಸಹಿ ಘೋಷಣೆಗೆ ಮಾತ್ರ. 1954ರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರು ಹುಡುಗ ಹುಡುಗಿ ಒಬ್ಬರಿಗೊಬ್ಬರು "ನಿನ್ನನ್ನು ನನ್ನ ಕಾನೂನುಬದ್ಧ ಹೆಂಡತಿಯಾಗಿ, ಗಂಡನಾಗಿ ಸ್ವೀಕರಿಸುತ್ತೇನೆ" ಅಂತ ಹೇಳಿದಾಗಲೇ ಮದುವೆ ಪೂರ್ತಿಯಾಗುವುದು. ಆ ಮಾತನ್ನೇ ಗದ್ದಲದಲ್ಲಿ ಗೊಣಗಿಬಿಡುತ್ತಾರೆ. ಹಿಂದೆ ಕೂತ ಅಮ್ಮನಿಗೆ ಕೇಳಿಸುವುದೇ ಇಲ್ಲ.

ಹಾಗಾಗಿ ಆರಂಭದ ಮಾತಿಗೆ ಒಂದೇ ಕೆಲಸ, ಬಂದವರನ್ನು ಆ ವಾಕ್ಯಕ್ಕೆ ತಯಾರು ಮಾಡುವುದು. ವಿರಾಜಪೇಟೆ ಕಡೆಯ ಕೊಡವ ಹುಡುಗಿ, ಅರೆಭಾಷೆ ಗೌಡರ ಹುಡುಗ, ಎರಡೂ ಮನೆಯವರು ಎದುರುಬದುರು ಬಿಗಿಯಾಗಿ ಕೂತಿದ್ದಾರೆ ಅಂದುಕೊಳ್ಳಿ. ನಾನಾದರೆ ಇಷ್ಟು ಹೇಳುತ್ತೇನೆ:

"ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಎರಡೂ ಮನೆಯವರು ಬಂದಿದ್ದೀರಿ, ಸಂತೋಷ. ಇವರು ನೋಟಿಸ್ ಕೊಟ್ಟು ಮೂವತ್ತು ದಿನ ಕಳೆದಿದೆ, ಯಾವ ತಕರಾರೂ ಬಂದಿಲ್ಲ. ಮೊದಲು ಇವರಿಬ್ಬರು, ಮೂವರು ಸಾಕ್ಷಿಗಳು ಘೋಷಣೆಗೆ ಸಹಿ ಹಾಕುತ್ತಾರೆ. ಅದಾದ ಮೇಲೆ ಇವರು ಎದ್ದು ನಿಂತು ಒಬ್ಬರಿಗೊಬ್ಬರು ಒಂದು ಮಾತು ಹೇಳುತ್ತಾರೆ. ಮದುವೆ ಆಗುವುದು ಆ ಮಾತಿನಿಂದ. ಆಗ ಫೋನ್ ಕೆಳಗಿಟ್ಟು ಕೇಳಿ. ಹಾರ, ತಾಳಿ, ಹಿರಿಯರು ಅಕ್ಕಿ ಹಾಕಿ ಹರಸುವುದು ಎಲ್ಲಾ ಆಮೇಲೆ."

ಒಂದು ನಿಮಿಷವೂ ಬೇಡ. ಅಕ್ಕಿಯ ವಿಷಯ ಬೇಕಂತಲೇ ಸೇರಿಸಿದ್ದೇನೆ. ಕೊಡವರ ಮದುವೆಯಲ್ಲಿ ಪುರೋಹಿತರಿಲ್ಲ, ಹಿರಿಯರು ಅಕ್ಕಿ ಹಾಕಿ ಹರಸುವುದೇ ಮುಖ್ಯ. ತಮ್ಮ ಸರದಿ ಯಾವಾಗ ಅಂತ ಗೊತ್ತಾದರೆ ಅಜ್ಜಿ ನೆಮ್ಮದಿಯಾಗಿ ಕೂರುತ್ತಾರೆ, ಇಲ್ಲದಿದ್ದರೆ ಸಹಿಯ ಮಧ್ಯೆಯೇ ಎದ್ದು ಬರುತ್ತಾರೆ! ಪದ್ಧತಿ ಯಾವುದಾದರೂ ಇರಲಿ, ಕಾಯ್ದೆಯ ಅಡ್ಡಿ ಇಲ್ಲ, ಆ ವಾಕ್ಯ ತಪ್ಪಬಾರದು ಅಷ್ಟೇ.

"ಯಾರಿಗಾದರೂ ಆಕ್ಷೇಪಣೆ ಇದೆಯಾ" ಅಂತ ಸಿನಿಮಾದ ಹಾಗೆ ಕೇಳಬೇಡಿ. ಅದಕ್ಕೆಂದೇ ಮೂವತ್ತು ದಿನ ಕೊಟ್ಟಾಗಿದೆ, ಮತ್ತೆ ಕೇಳಿದರೆ ಮುನಿದ ದೊಡ್ಡಪ್ಪನಿಗೆ ಸುಮ್ನೆ ಮೈಕ್ ಕೊಟ್ಟ ಹಾಗೆ. ಜಾತಿ ಮೀರಿದ ಮದುವೆ ಅಂತ ಹೊಗಳುವುದೂ ಬೇಡ. ಬಿಗಿಯಾಗಿ ಕೂತವರು ಇನ್ನೂ ಜಾಸ್ತಿ ಬಿಗಿಯಾಗುತ್ತಾರೆ. ಬರದವರ ಹೆಸರಂತೂ ಎತ್ತಲೇಬೇಡಿ.

ಇನ್ನು ಭಾಷೆ. ಆ ವಾಕ್ಯ ಇಬ್ಬರಿಗೂ ಅರ್ಥವಾಗುವ ಯಾವ ಭಾಷೆಯಲ್ಲಾದರೂ ಇರಬಹುದು. ಹುಡುಗನಿಗೆ ಕೊಡವ ತಕ್ಕ್ ಬರುತ್ತದಾ ಅಂತ ಮೊದಲೇ ಕೇಳಿ. ಬಂದರೆ ಅದರಲ್ಲೇ ಹೇಳಲಿ, ಬರದಿದ್ದರೆ ಕನ್ನಡದಲ್ಲಿ. ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಕೈಗೆ ಕೊಡಿ, ಆ ಹೊತ್ತಿಗೆ ಎಂಥವರಿಗೂ ನಾಲಿಗೆ ತೊದಲುತ್ತದೆ.