ಹಿಮ್ಮಡಿಯ ಸದ್ದು

ಬೆಳಿಗ್ಗೆ ಆರೂವರೆಗೆ ಮೇಲಿನ ಮನೆಯಿಂದ ವ್ಯಾಯಾಮದ ಧಡ್ ಧಡ್ ಶುರುವಾದರೆ ಕೆಳಗಿನವರು ಕಾಫಿ ಲೋಟ ಹಿಡಿದು ಸೀಲಿಂಗ್ ದಿಟ್ಟಿಸುತ್ತಾರೆ. ಲಿಫ್ಟ್‌ನಲ್ಲಿ ಸಿಕ್ಕಾಗ ಕೇಳಿದರೆ, "ಅಯ್ಯೋ, ನಾವು ಜಂಪ್ ಮಾಡೋದೇ ಇಲ್ಲ ಸಾರ್, ಬರೀ ಲೋ ಇಂಪ್ಯಾಕ್ಟ್" ಎಂಬ ಉತ್ತರ. ಸುಳ್ಳೇನಲ್ಲ. ಆದರೆ ಲೋ ಇಂಪ್ಯಾಕ್ಟ್ ಎಂಬುದು ಮಂಡಿಯ ಮೇಲಿನ ಕರುಣೆಯಿಂದ ಹುಟ್ಟಿದ ಮಾತು. ಒಂದು ಪಾದ ಸದಾ ನೆಲದ ಮೇಲಿರಲಿ ಎನ್ನುತ್ತದೆ, ಇನ್ನೊಂದು ಹೇಗೆ ಇಳಿಯಬೇಕು ಎನ್ನುವುದಿಲ್ಲ. ಹಾಗಾಗಿ ನಿಂತಲ್ಲೇ ಮಾರ್ಚ್ ಮಾಡುವವರು ಜಿಗಿಯದೆಯೇ ಹಿಮ್ಮಡಿಯಿಂದ ಕುಟ್ಟುತ್ತಾರೆ.

ಕುಟ್ಟುವುದೆಂದರೆ ಕುಟ್ಟಾಣಿ. ಚಹಾಕ್ಕೆ ಶುಂಠಿ ಜಜ್ಜುವವರಿಗೆ ಗೊತ್ತು, ಅದರ ಕೆಳಗೆ ಬಟ್ಟೆ ಮಡಿಸಿ ಹಾಕಿದರೆ ಠಣ್ ಹೋಗುತ್ತದೆ, ಧಪ್ ಉಳಿಯುತ್ತದೆ. ಗ್ರಾನೈಟ್ ಕಟ್ಟೆಯ ನಟ್ಟನಡುವೆ ಕುಟ್ಟಿದರೆ ಪಕ್ಕದ ಲೋಟಗಳೆಲ್ಲ ಗಲಗಲ. ಕಟ್ಟೆಯ ಕಲ್ಲು ಗೋಡೆಯನ್ನು ಕಚ್ಚಿರುವ ಮೂಲೆಗೆ ಕುಟ್ಟಾಣಿ ಸರಿಸಿದರೆ ಲೋಟಗಳು ಸುಮ್ಮನಾಗುತ್ತವೆ. ಇದನ್ನು ಅಡುಗೆಮನೆಯಲ್ಲಿ ಯಾರಿಗೂ ಯಾರೂ ಕಲಿಸಿಕೊಟ್ಟಿಲ್ಲ. ಹಾಲ್‌ಗೆ ಬಂದ ಕೂಡಲೇ ಎಲ್ಲರಿಗೂ ಮರೆತುಹೋಗುತ್ತದೆ, ಅದೇ ಸಿಟ್ಟು. ಆರು ಮಿಲಿಮೀಟರ್ ಯೋಗ ಮ್ಯಾಟ್ ಆ ಮಡಿಸಿದ ಬಟ್ಟೆಯೇ. ಟೈಲ್ಸ್ ಮೇಲಿನ ಟಪಟಪ ನುಂಗುತ್ತದೆ, ಸ್ಲ್ಯಾಬಿಗೆ ಇಳಿಯುವ ಗುದ್ದನ್ನು ಹೆಚ್ಚೇನೂ ತಡೆಯುವುದಿಲ್ಲ. ಸ್ಲ್ಯಾಬ್ ಹೆಚ್ಚು ಅದುರುವುದು ನಡುವಿನಲ್ಲಿ. ಮ್ಯಾಟನ್ನು ಟಿವಿಯ ಮುಂದಿನಿಂದ ತೆಗೆದು, ಕೆಳಗೆ ಬೀಮ್ ಇರುವ ಗೋಡೆಯ ಅಂಚಿಗೆ ಹಾಸಿದರೆ ಅರ್ಧ ಜಗಳ ಕಡಿಮೆ.

ಉಳಿದರ್ಧ ಪಾದದ್ದು. ಮುಂಗಾಲು ಮೊದಲು ತಾಗಲಿ, ಹಿಮ್ಮಡಿ ಆಮೇಲೆ ಮೆಲ್ಲಗೆ ಇಳಿಯಲಿ, ಮಲಗಿದ ಮಗುವಿನ ಕೋಣೆ ದಾಟುವ ಹಾಗೆ. ಎರಡು ನಿಮಿಷ ಪಕ್ಕಕ್ಕೆ ಹೆಜ್ಜೆಯಿಟ್ಟು ಎರಡೂ ಕೈ ತಲೆಯ ಮೇಲಕ್ಕೆ, ಒಂದು ನಿಮಿಷ ಬಸ್ಕಿ, ಒಂದು ನಿಮಿಷ ಪಾದ ಕದಲಿಸದೆ ಗಾಳಿಗೆ ಗುದ್ದು. ಹೀಗೆ ಐದು ಸುತ್ತಾದರೆ ಇಪ್ಪತ್ತು ನಿಮಿಷ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಹಾಡು ಸಲೀಸಾಗಿ ಬಂದರೆ ವೇಗ ಹೆಚ್ಚಿಸುವ ಚಟ ಬೇಡ, ಬಸ್ಕಿಯನ್ನು ಇನ್ನಷ್ಟು ತಗ್ಗಿಸಿ. ತೊಡೆ, ಪೃಷ್ಠದ ದೊಡ್ಡ ಸ್ನಾಯುಗಳು ಮೈಭಾರ ಎತ್ತಿದರೆ ಎದೆಬಡಿತ ತಾನಾಗಿ ಏರುತ್ತದೆ. ವೇಗ ಹೆಚ್ಚಿದಾಗ ಮೂರನೆಯ ಸುತ್ತಿನ ಹೊತ್ತಿಗೆ ಮೀನಖಂಡ ಸೋತು ಹಿಮ್ಮಡಿ ತಾನೇ ಬೀಳತೊಡಗುತ್ತದೆ. ಮಾಡುವವರಿಗೆ ಅದು ತಿಳಿಯುವುದಿಲ್ಲ, ಕಿವಿಯಲ್ಲಿ ಇಯರ್‌ಫೋನ್ ಇರುತ್ತದಲ್ಲ! ಎರಡಡಿ ದೂರದಲ್ಲಿ ಒಂದು ಸ್ಟೀಲ್ ತಟ್ಟೆಯಲ್ಲಿ ನೀರಿಟ್ಟುಕೊಳ್ಳಿ. ಹೆಜ್ಜೆಗೊಂದು ಅಲೆ ಎದ್ದರೆ ಕಾಲು ದಣಿದಿದೆ. ಆಗ ಉಳಿದ ಸುತ್ತುಗಳಲ್ಲಿ ಹೆಜ್ಜೆ ಬಿಟ್ಟು ಗುದ್ದು, ಬಸ್ಕಿ ಮಾತ್ರ.

ತಟ್ಟೆಯ ನೀರು ನಿಶ್ಚಲವಾಗಿದ್ದೂ ಕೆಳಗಿನವರು ಬೆಲ್ ಒತ್ತಿದರೆ, ಊಟದ ಮೇಜಿನ ಕುರ್ಚಿಗಳ ಕಾಲಿಗೆ ರಬ್ಬರ್ ಬುಷ್ ಇದೆಯೇ ನೋಡಿ.