ಕೆರೆಗೆ ಬನ್ನಿ ಎಂದರೆ ಸಾಲದು, ಇಪ್ಪತ್ತಾರು ಜನ ಬೇಕು ಎನ್ನಬೇಕು

ಕಳೆದ ವರ್ಷ ನಾನು ಬರೆದ ಕರೆ ಮೂರೇ ಸಾಲಿನದು. "ನಮ್ಮ ಕೆರೆಯನ್ನು ಅಂತರಗಂಗೆ ನುಂಗುತ್ತಿದೆ. ಬರುವ ಭಾನುವಾರ ಬೆಳಿಗ್ಗೆ ಎಲ್ಲರೂ ಸೇರಿ ಉಳಿಸೋಣ. ತಪ್ಪದೆ ಬನ್ನಿ." ಜನ ಬಂದರು. ಶಿವಮೊಗ್ಗ ಪೇಟೆಯಿಂದ ಕಾಲೇಜು ಹುಡುಗರು, ಊರಿನ ಹಿರಿಯರು, ಮಕ್ಕಳನ್ನು ಕರೆದುಕೊಂಡ ತಾಯಂದಿರು, ಒಟ್ಟು ಅರವತ್ತು ಮಂದಿ. ಅವರಿಗೆಲ್ಲ ಇದ್ದದ್ದು ಮೂರು ಕತ್ತಿ, ಆರು ಜೊತೆ ಕೈಗವಸು. ಕೆಲವರು ಏಳಕ್ಕೆ ಬಂದು ಕಾದರು, ಕೆಲವರು ಒಂಬತ್ತೂವರೆಗೆ ಬಂದು "ಇನ್ನೇನು ಮಾಡಬೇಕು?" ಎಂದು ಕೇಳಿದರು. ಬರಿಗಾಲಲ್ಲಿ ನೀರಿಗಿಳಿದ ಹುಡುಗನೊಬ್ಬನ ಅಂಗಾಲನ್ನು ಒಡೆದ ಬಾಟಲಿ ಸೀಳಿತು. ಎಳೆದ ಕಳೆಯನ್ನು ಎಲ್ಲಿ ಹಾಕಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಏರಿಯ ಒಳಬದಿಯಲ್ಲೇ ರಾಶಿ ಹಾಕಿದೆವು. ಜೂನ್ ಮಳೆಗೆ ಅದರಲ್ಲಿ ಅರ್ಧ ಮತ್ತೆ ಕೆರೆಗೇ ಜಾರಿ ಬೇರೂರಿತು.

ಆ ಅರವತ್ತು ಜನರಲ್ಲಿ ಹತ್ತಾದರೂ ಮಂದಿ ಮತ್ತೆ ಬರುವುದಿಲ್ಲ ಎಂದು ನೇರವಾಗಿಯೇ ಹೇಳಿದ್ದಾರೆ. ಅವರ ಮೇಲೆ ನನಗೆ ಬೇಸರವಿಲ್ಲ. ಬೆಳಗಿನ ಮೂರು ಗಂಟೆ ಕೊಡಲು ಬಂದವರಿಗೆ ಮಾಡಲು ಕೆಲಸ ಕೊಡಲಾಗದಿದ್ದರೆ ಅದು ಕರೆದವನ ತಪ್ಪು.

ನಮ್ಮ ಪಕ್ಕದ ಮನೆಯ ಅಜ್ಜಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು. "ತಮ್ಮಾ, ನಟ್ಟಿಗೆ ಮುಯ್ಯಾಳು ಕರೆಯಲು ಹೋದವರು ಸುಮ್ಮನೆ ಬನ್ನಿ ಎನ್ನುತ್ತಿದ್ದರೇ? ನಾಳೆ ಕೆಳಗಿನ ಗದ್ದೆ ನಟ್ಟಿ, ನಿಮ್ಮ ಮನೆಯಿಂದ ಇಬ್ಬರು ಬೇಕು, ಮಧ್ಯಾಹ್ನದ ಊಟ ನಮ್ಮದು ಎನ್ನುತ್ತಿದ್ದರು." ಗದ್ದೆ ಎಷ್ಟು, ಸಸಿ ಎಷ್ಟು, ಆಳು ಎಷ್ಟು ಎಂಬ ಲೆಕ್ಕ ಮುಗಿದ ಮೇಲೆಯೇ ಕರೆಯಲು ಹೊರಡುತ್ತಿದ್ದರು. ನಾನು ಮೊದಲು ಕರೆದು ಆಮೇಲೆ ಲೆಕ್ಕ ಹಾಕಲು ಹೊರಟಿದ್ದೆ.

ಈ ಸಲ ಮೊದಲು ಕಳೆಯನ್ನು ತೂಗಿದೆ. ಬಿದಿರಿನ ದಬ್ಬೆಯಲ್ಲಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕಟ್ಟು ಕಟ್ಟಿ ಕಳೆಯ ಮೇಲೆ ಇಟ್ಟು, ಅದರೊಳಗಿನದನ್ನೆಲ್ಲ ಬೇರುಸಹಿತ ಎತ್ತಿ, ಹತ್ತು ನಿಮಿಷ ನೀರು ಸೋರಲು ಬಿಟ್ಟು, ಅಡಿಕೆ ತೂಗುವ ತಕ್ಕಡಿಗೆ ಹಾಕಿದೆ. ಮೂರು ಕಡೆ ಹೀಗೆ ಮಾಡಿದಾಗ 22, 25 ಮತ್ತು 28 ಕಿಲೋ ಬಂತು. ಅಂದರೆ ಚದರ ಮೀಟರಿಗೆ ಸರಾಸರಿ 25 ಕಿಲೋ. ಒಂದು ಗುಂಟೆ ಎಂದರೆ ಸುಮಾರು 100 ಚದರ ಮೀಟರ್. ಹಾಗಾಗಿ ಗುಂಟೆಯೊಂದರ ಕಳೆ ಎರಡೂವರೆ ಟನ್. ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬರೀ ನೀರು, ಆದರೂ ಹೊರುವವರ ತಲೆಯ ಮೇಲೆ ಅದೂ ಭಾರವೇ.

ನಮ್ಮ ಕೆರೆ ನಾಲ್ಕು ಎಕರೆ, ಎಂದರೆ 160 ಗುಂಟೆ. "ಕೆರೆ ಉಳಿಸೋಣ" ಎಂದು ಬರೆದಾಗ 400 ಟನ್ ಕಳೆಯನ್ನು ಒಂದು ಬೆಳಿಗ್ಗೆಯಲ್ಲಿ ಎತ್ತಲು ಜನರನ್ನು ಕರೆದಿದ್ದೆ ಎಂಬುದು ಈ ಲೆಕ್ಕ ಹಾಕಿದ ಮೇಲೆ ತಿಳಿಯಿತು. ಪೂರ್ತಿ ಕೆರೆಗೆ ಯಂತ್ರವೇ ಬೇಕು. ಮೇಲಿನ ಕೇರಿಯ ಬಚ್ಚಲು ನೀರು ಮತ್ತು ಕೊಟ್ಟಿಗೆಯ ಗಂಜಲ ಕೆರೆಗೆ ಇಳಿಯುವುದು ನಿಲ್ಲಬೇಕು, ಇಲ್ಲವಾದರೆ ಯಂತ್ರ ಬಂದುಹೋದ ಮೇಲೂ ಕಳೆ ಮರಳಿ ಬೆಳೆಯುತ್ತದೆ. ಪಂಚಾಯಿತಿಗೆ ಆ ಅರ್ಜಿ ಬೇರೆಯಾಗಿ ಕೊಟ್ಟಿದ್ದೇವೆ. ಕೈಯಿಂದ ಮಾಡಬಹುದಾದದ್ದು, ಮಾಡಿದರೆ ಕೂಡಲೇ ಪ್ರಯೋಜನವಿರುವುದು ಒಂದು ಗುಂಟೆ ಮಾತ್ರ. ಅದು ತೂಬಿನ ಮುಂದಿನ ಮೂಲೆ. ಅಲ್ಲಿ ಬೇರಿನ ಗೋಜಲು ತೂಬಿನ ಬಾಯಿಗೆ ಸಿಕ್ಕಿಕೊಂಡು, ಕೆಳಗಿನ ಗದ್ದೆಗೆ ನೀರು ಬಿಟ್ಟರೂ ಬೆರಳು ಗಾತ್ರದಲ್ಲಿ ಹರಿಯುತ್ತಿದೆ.

ಆಳಿನ ಲೆಕ್ಕವೂ ಇಲ್ಲಿಂದಲೇ ಸಿಕ್ಕಿತು. ಒಬ್ಬರು ಸಲೀಸಾಗಿ ಮುಂದಕ್ಕೆ ದಾಟಿಸಬಹುದಾದ ಬುಟ್ಟಿ 15 ಕಿಲೋದ್ದು. ಎರಡೂವರೆ ಟನ್ನಿಗೆ ಸುಮಾರು 170 ಬುಟ್ಟಿ. ಕೆಲಸದ ಹೊತ್ತು ಎರಡೂವರೆ ಗಂಟೆ, ಅಂದರೆ 150 ನಿಮಿಷ. ನಿಮಿಷಕ್ಕೆ ಒಂದಕ್ಕಿಂತ ತುಸು ಹೆಚ್ಚು ಬುಟ್ಟಿ ದಡ ಸೇರಬೇಕು. ನೀರಿನಲ್ಲಿ ಆರು ಜನ ಎಳೆದು ತುಂಬಿದರೆ, ಏರಿಯ ಇಳಿಜಾರಿನಲ್ಲಿ ಹತ್ತು ಜನ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರೆ, ಮೇಲೆ ನಾಲ್ವರು ಟ್ರೇಲರ್ ತುಂಬಿದರೆ ಇದು ಸಾಧ್ಯ. ದಡದ ಗಾಜು ಮತ್ತು ಪ್ಲಾಸ್ಟಿಕ್ ಆರಿಸಲು ನಾಲ್ವರು, ಕುಡಿಯುವ ನೀರು ಮತ್ತು ಔಷಧಿ ಪೆಟ್ಟಿಗೆ ನೋಡಿಕೊಳ್ಳಲು ಇಬ್ಬರು. ಒಟ್ಟು ಇಪ್ಪತ್ತಾರು. ಅರವತ್ತು ಜನ ಬಂದರೆ ಮೂವತ್ತನಾಲ್ಕು ಮಂದಿ ಏರಿಯ ಮೇಲೆ ನಿಲ್ಲಬೇಕಾಗುತ್ತದೆ. ಅದಕ್ಕೇ ಈ ಸಲ ಸಂಖ್ಯೆಯನ್ನು ಮೊದಲ ಸಾಲಿನಲ್ಲೇ ಬರೆದಿದ್ದೇನೆ. ಹೀಗಿದೆ ನನ್ನ ಕರೆ:

"ಫೆಬ್ರವರಿ 8, ಭಾನುವಾರ, ಬೆಳಿಗ್ಗೆ 7ರಿಂದ 10ರವರೆಗೆ ನಮ್ಮ ಕೆರೆಯ ತೂಬಿನ ಮುಂದಿನ ಒಂದು ಗುಂಟೆ ಕಳೆ ತೆಗೆಯಲು 26 ಜನ ಬೇಕು.

7 ಗಂಟೆಗೆ ಕೋಡಿಯ ಪಕ್ಕದ ಅರಳಿಕಟ್ಟೆಯಲ್ಲಿ ಸೇರುತ್ತೇವೆ. ಮುಖ್ಯರಸ್ತೆಯ ಬಸ್ ತಂಗುದಾಣದಿಂದ ಅಲ್ಲಿಗೆ ಎಂಟು ನಿಮಿಷದ ನಡಿಗೆ. ಅರ್ಧ ಗಂಟೆಯಲ್ಲಿ ಕೆಲಸ ಹಂಚಿ, ಸಲಕರಣೆ ಕೊಟ್ಟು, 7.30ಕ್ಕೆ ಆರಂಭಿಸುತ್ತೇವೆ. ಕಳೆ ಉಳಿದಿದ್ದರೂ 10ಕ್ಕೆ ನಿಲ್ಲಿಸುತ್ತೇವೆ. ಆಮೇಲೆ ಕಟ್ಟೆಯಲ್ಲೇ ಅವಲಕ್ಕಿ ಮತ್ತು ಕಾಫಿ. 7.30ರ ನಂತರ ಬರುವವರು ದಯವಿಟ್ಟು ನೀರಿಗಿಳಿಯುವ ಕೆಲಸ ಕೇಳಬೇಡಿ, ಸೂಚನೆ ಕೇಳದವರನ್ನು ನೀರಿಗೆ ಬಿಡಲಾಗುವುದಿಲ್ಲ.

ನೀರಿನ ಕೆಲಸ ಈಜು ಬರುವ, 18 ವರ್ಷ ದಾಟಿದ ಆರು ಜನರಿಗೆ ಮಾತ್ರ. ಸೊಂಟ ಮುಳುಗುವ ಆಳಕ್ಕೆ ಯಾರೂ ಹೋಗುವಂತಿಲ್ಲ. ಅದರಾಚೆಯ ಕಳೆಯನ್ನು ದೋಟಿಯ ಕೊಕ್ಕೆಯಿಂದ ಎಳೆದುಕೊಳ್ಳುತ್ತೇವೆ. ಕಾಲಿನಲ್ಲಿ ಹಸಿ ಗಾಯವಿರುವವರು ದಡದ ಕೆಲಸ ಆರಿಸಿಕೊಳ್ಳಿ. ಸಾಲಿನಲ್ಲಿ ನಿಲ್ಲುವ ಕೆಲಸಕ್ಕೆ ಬೆನ್ನುನೋವು ಇರಬಾರದು. ಆರಿಸುವ ಕೆಲಸವನ್ನು ಹಿರಿಯರೂ ಮಾಡಬಹುದು. ಮಕ್ಕಳನ್ನು ಈ ಸಲ ಕರೆತರಬೇಡಿ.

ನೀವು ತರಬೇಕಾದದ್ದು: ಪೂರ್ಣ ತೋಳಿನ ಹಳೆಯ ಅಂಗಿ, ಉದ್ದ ಪ್ಯಾಂಟು, ಟೋಪಿ, ಕುಡಿಯುವ ನೀರಿನ ಬಾಟಲಿ, ಬದಲಿಸಲು ಒಂದು ಜೊತೆ ಒಣ ಬಟ್ಟೆ, ಇದ್ದರೆ ಗಂಬೂಟು. ಗಂಬೂಟು ಇಲ್ಲದವರು ಬೆರಳು ಮುಚ್ಚುವ ಹಳೆಯ ಶೂ ಹಾಕಿಕೊಂಡು ಬನ್ನಿ, ಹವಾಯಿ ಚಪ್ಪಲಿ ಬೇಡ. ಕತ್ತಿ ತರಬೇಡಿ. ದೋಟಿ, ಹಗ್ಗ, 20 ಬುಟ್ಟಿ, 26 ಜೊತೆ ಕೈಗವಸು, ತೇಲಲು ಟ್ರ್ಯಾಕ್ಟರ್ ಟ್ಯೂಬು ನಮ್ಮಲ್ಲಿವೆ.

ಬರುವವರು ಗುರುವಾರ ಸಂಜೆಯೊಳಗೆ ನಿಮ್ಮ ಹೆಸರು ಮತ್ತು ಯಾವ ಕೆಲಸ ಎಂಬುದನ್ನು ನನಗೆ ಸಂದೇಶ ಕಳುಹಿಸಿ. ಮಳೆ ಬಂದರೆ ಶನಿವಾರ ರಾತ್ರಿ 8ಕ್ಕೆ ಇಲ್ಲೇ ತಿಳಿಸುತ್ತೇನೆ."

ಕತ್ತಿ ಬೇಡ ಎಂದದ್ದಕ್ಕೆ ಈಗಾಗಲೇ ಇಬ್ಬರು ಕಾರಣ ಕೇಳಿದ್ದಾರೆ. ನೀರಿನೊಳಗೆ ಪಕ್ಕದವರ ಕಾಲು ಕಾಣುವುದಿಲ್ಲ ಎಂಬುದು ಒಂದು. ಇನ್ನೊಂದು ಕಳೆಯ ಸ್ವಭಾವದ್ದು. ನೇರಳೆ ಹೂ ಬಿಡುವ ಈ ಗಿಡ ದಕ್ಷಿಣ ಅಮೆರಿಕದಿಂದ ಬಂದದ್ದು. ತಾಯಿಗಿಡದಿಂದ ನೀರಿನ ಮೇಲೆ ಬಳ್ಳಿ ಹರಿಸಿ ಮರಿಗಿಡ ಮಾಡುತ್ತದೆ. ಕತ್ತಿಯಿಂದ ಕೊಚ್ಚಿದರೆ ಬುಡದ ತುಂಡುಗಳು ತೇಲಿಹೋಗಿ ಬೇರೆಡೆ ಚಿಗುರುತ್ತವೆ. ಬುಡಸಹಿತ ಎಳೆಯಬೇಕು, ಹರಿಯಬಾರದು.

ಕಳೆದ ವರ್ಷ ನಮ್ಮನ್ನು ಸೋಲಿಸಿದ ಇನ್ನೊಂದು ಸಂಗತಿ ಗಾಳಿ. ಬೆಳಿಗ್ಗೆ ತೆರವು ಮಾಡಿದ ಜಾಗಕ್ಕೆ ಸಂಜೆಯ ಹೊತ್ತಿಗೆ ಉಳಿದ ಕಳೆ ತೇಲಿ ಬಂದು ಕೂತಿತ್ತು. ಹಾಗಾಗಿ ಮೂರು ಜನ ಶನಿವಾರ ಸಂಜೆಯೇ ಬಂದು, ಬಿದಿರಿನ ಗಳುಗಳನ್ನು ಹಗ್ಗದಲ್ಲಿ ಪೋಣಿಸಿ, 20 ಮೀಟರ್ ಉದ್ದದ ತಡೆಯನ್ನು ಮೂಲೆಗೆ ಅಡ್ಡವಾಗಿ ಕಟ್ಟುತ್ತಾರೆ. ಅದು ಕೆಲಸ ಮುಗಿದ ಮೇಲೂ ಅಲ್ಲೇ ಇರುತ್ತದೆ. ಕೆರೆಯ ಮೀನು ಗುತ್ತಿಗೆ ಹಿಡಿದವರಿಗೆ ಇದನ್ನು ಮೊದಲೇ ಹೇಳಿದ್ದೇವೆ. ಅಂದು ಆ ಬದಿಯಲ್ಲಿ ಬಲೆ ಇರುವುದಿಲ್ಲ. ಪಂಚಾಯಿತಿಯ ಒಪ್ಪಿಗೆ ಪತ್ರವೂ ಕೈಯಲ್ಲಿದೆ.

ಎಳೆದ ಕಳೆ ಈ ಸಲ ಏರಿಯ ಒಳಬದಿಯಲ್ಲಿ ಉಳಿಯುವುದಿಲ್ಲ. ಅದು ಉಬ್ಬಿಕೊಂಡಿರುವುದರಿಂದ ಒಂದು ಟ್ರೇಲರಿನಲ್ಲಿ ಅರ್ಧ ಟನ್ ಹಿಡಿಸಿದರೆ ಹೆಚ್ಚು. ಐದು ಸಲ ಹೋಗಿಬರಬೇಕು. ಕೆರೆಗೂ ಕಾಲುವೆಗೂ ನೀರು ಇಳಿಯದ ದರೆಯ ಮೇಲಿನ ಒಣ ಜಾಗವನ್ನು ಒಬ್ಬ ಅಡಿಕೆ ಬೆಳೆಗಾರರು ಕೊಟ್ಟಿದ್ದಾರೆ. ಅಲ್ಲಿ ತೆಳುವಾಗಿ ಹರವಿ ಎರಡು ವಾರ ಒಣಗಿಸಿ, ಸಗಣಿ ಸೇರಿಸಿ ಗೊಬ್ಬರದ ಗುಂಡಿಗೆ ಹಾಕುತ್ತೇವೆ. ಬಚ್ಚಲು ನೀರು ಕುಡಿದು ಬೆಳೆದ ಕಳೆಯಾದ್ದರಿಂದ ದನಗಳಿಗೆ ಹಾಕಲು ಕೇಳಬೇಡಿ.

ಆರೋಗ್ಯದ ಮಾತನ್ನು ಕರೆಯಲ್ಲಿ ಬರೆದರೆ ಜನ ಹೆದರಿ ಬರುವುದಿಲ್ಲ ಎಂದು ಗೆಳೆಯರೊಬ್ಬರು ಹೇಳಿದರು. ನನಗೆ ಒಪ್ಪಿಗೆಯಿಲ್ಲ, ಹಾಗಾಗಿ ಇಲ್ಲಿ ಬಿಡಿಸಿ ಹೇಳುತ್ತೇನೆ. ಇಲಿ ಜ್ವರದ ರೋಗಾಣು ಇಲಿಯ ಮೂತ್ರದಿಂದ ನೀರಿಗೆ, ಕೆಸರಿಗೆ ಸೇರಿ, ಚರ್ಮದ ಗಾಯದ ಮೂಲಕ ದೇಹಕ್ಕೆ ಇಳಿಯುತ್ತದೆ. ಕಾಲಿನ ಗಾಯದ ಬಗ್ಗೆ ಅಷ್ಟು ಒತ್ತಿ ಬರೆದದ್ದು ಇದಕ್ಕೇ. ಕೆಲಸ ಮುಗಿದ ಕೂಡಲೇ ಸಾಬೂನು ಹಚ್ಚಿ ಕೈಕಾಲು ತೊಳೆಯಲು ಬಾವಿಯ ನೀರು ಇಟ್ಟಿರುತ್ತೇವೆ. ಮುಂದಿನ ಎರಡು ಮೂರು ವಾರದೊಳಗೆ ಜ್ವರ, ಮೀನಖಂಡದಲ್ಲಿ ವಿಪರೀತ ನೋವು ಅಥವಾ ಕಣ್ಣು ಕೆಂಪಾಗುವುದು ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಿ, ಕೆರೆಗೆ ಇಳಿದಿದ್ದೆ ಎಂಬುದನ್ನು ನೀವಾಗಿಯೇ ಹೇಳಿ. ಅವರು ಕೇಳಲಿ ಎಂದು ಕಾಯಬೇಡಿ.

ಫೆಬ್ರವರಿ ಎಂದರೆ ಉಣುಗಿನ ಕಾಲವೂ ಹೌದು. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ನಮ್ಮ ಕೆರೆಯ ಹಿಂಬದಿಗೆ ಕಾಡು ಅಂಟಿಕೊಂಡಿದೆ. ಆ ಬದಿಗೆ, ಮೂತ್ರಕ್ಕೂ ಸಹ, ಯಾರೂ ಹೋಗಬಾರದು. ಪಂಚಾಯಿತಿ ಕಟ್ಟಡದ ಶೌಚಾಲಯವನ್ನು ಅಂದು ತೆರೆದಿಡುತ್ತಾರೆ. ಪ್ಯಾಂಟಿನ ಕೆಳತುದಿಯನ್ನು ಕಾಲುಚೀಲದೊಳಗೆ ಸೇರಿಸಿಕೊಳ್ಳಿ. ಮನೆಗೆ ಹೋದ ಮೇಲೆ ಆ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ.

ಒಂದು ಗುಂಟೆ ತೆಗೆದರೆ ಮುಗಿಯಿತೇ ಎಂದರೆ ಇಲ್ಲ. ಈ ಗಿಡದ ಬೀಜ ಕೆಸರಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ತಡೆಯ ಒಳಗೆ ಅಂಗೈ ಅಗಲದ ಹೊಸ ಗಿಡಗಳು ಕಾಣಿಸಿಕೊಳ್ಳುತ್ತಲೇ ಇರುತ್ತವೆ. ಅವನ್ನು ಹದಿನೈದು ದಿನಕ್ಕೊಮ್ಮೆ ಆರಿಸಲು ಐದು ಜನ, ಒಂದು ಗಂಟೆ ಸಾಕು. ಅದಕ್ಕೆ ಬೇರೆ ಪಟ್ಟಿ ಮಾಡುತ್ತಿದ್ದೇನೆ. ಎಂಟರಂದು ಬರಲಾಗದವರು ಅದರಲ್ಲಿ ಸೇರಿಕೊಳ್ಳಿ.

ಇಂದು ಸಂಜೆಯವರೆಗೆ ಹದಿನೇಳು ಹೆಸರು ಬಂದಿವೆ. ಸಾಲಿನಲ್ಲಿ ನಿಲ್ಲುವ ಹತ್ತೂ ಜನ ಭರ್ತಿಯಾದರು, ಅದರಲ್ಲಿ ಕಳೆದ ವರ್ಷ ಅಂಗಾಲು ಸೀಳಿಸಿಕೊಂಡ ಹುಡುಗನೂ ಇದ್ದಾನೆ. ಗಂಬೂಟು ಕೊಂಡಿದ್ದೇನೆ ಎಂದು ಬರೆದಿದ್ದಾನೆ. ಟ್ರೇಲರ್ ತುಂಬಲು ಇಬ್ಬರು, ಗಾಜು ಆರಿಸಲು ಮೂವರು, ನೀರಿಗಿಳಿಯಲು ಈಜು ಬರುವ ನಾಲ್ವರು ಇನ್ನೂ ಬೇಕು.