ಶೇ 16ರ ಸಾಲ ಶೇ 12ಕ್ಕೆ ಸಿಕ್ಕರೂ ನಷ್ಟ ಆಗಬಹುದು

‘ಸರ್, ನಿಮ್ಮ ಪರ್ಸನಲ್ ಲೋನ್ ನಮ್ಮ ಬ್ಯಾಂಕಿಗೆ ವರ್ಗಾಯಿಸಿಕೊಳ್ಳಿ, ಬಡ್ಡಿ ಕಡಿಮೆ.’ ಇಂಥ ಫೋನ್ ಬರದವರು ಯಾರಿದ್ದಾರೆ? ಬಡ್ಡಿ ಕಡಿಮೆ ಅನ್ನೋದು ಸುಳ್ಳಲ್ಲ. ಆದರೆ ಅವರು ಹೇಳೋದು ಅರ್ಧ ಲೆಕ್ಕ ಮಾತ್ರ.

ಶೇ 16ರ ಬಡ್ಡಿಯಲ್ಲಿ 4 ಲಕ್ಷ ಅಸಲು ಬಾಕಿ ಇದೆ, ಇನ್ನು 30 ಕಂತು ಕಟ್ಟಬೇಕು ಅಂದುಕೊಳ್ಳಿ. ಇಎಂಐ ಸುಮಾರು 16,265 ರೂಪಾಯಿ. ಶೇ 12ಕ್ಕೆ ಬದಲಾಯಿಸಿ, ಅದೇ 30 ಕಂತು ಇಟ್ಟುಕೊಂಡರೆ 15,499. ಒಟ್ಟು ಉಳಿತಾಯ ಸುಮಾರು 23,000.

ಈಗ ಖರ್ಚು ನೋಡಿ. ಹಳೇ ಬ್ಯಾಂಕು ಅವಧಿಗೆ ಮೊದಲೇ ಸಾಲ ಮುಗಿಸಿದ್ದಕ್ಕೆ ಬಾಕಿ ಅಸಲಿನ ಮೇಲೆ ಶೇ 4 ಫೋರ್‌ಕ್ಲೋಷರ್ ಚಾರ್ಜ್ ಹಾಕಿದರೆ, ಜಿಎಸ್‌ಟಿ ಸೇರಿ 18,880. ಹೊಸ ಬ್ಯಾಂಕಿನ ಪ್ರೊಸೆಸಿಂಗ್ ಫೀ ಶೇ 2 ಇದ್ದರೆ, ಜಿಎಸ್‌ಟಿ ಸೇರಿ 9,440. ಒಟ್ಟು 28,320. ಬಡ್ಡಿ ನಾಲ್ಕು ಪರ್ಸೆಂಟ್ ಇಳಿದರೂ ಕೈಯಿಂದ ಐದು ಸಾವಿರ ಹೋಯಿತು! ಫೋರ್‌ಕ್ಲೋಷರ್ ಚಾರ್ಜ್ ಇಲ್ಲದಿದ್ದರೆ ಮಾತ್ರ ಹದಿಮೂರು ಸಾವಿರದಷ್ಟು ಉಳಿಯುತ್ತಿತ್ತು.

ಬಾಯಲ್ಲೇ ಹಾಕಬಹುದಾದ ಒಂದು ಲೆಕ್ಕ ಇದೆ. ಬಡ್ಡಿ ಎಷ್ಟು ಇಳಿಯುತ್ತೋ ಅದನ್ನು ಉಳಿದ ವರ್ಷಗಳಿಂದ ಗುಣಿಸಿ, ಅರ್ಧ ಮಾಡಿ. ಅಸಲು ತಿಂಗಳು ತಿಂಗಳು ಕರಗುತ್ತಲ್ವಾ, ಅದಕ್ಕೇ ಅರ್ಧ. ಇಲ್ಲಿ ನಾಲ್ಕು ಇಂಟು ಎರಡೂವರೆ, ಅದರ ಅರ್ಧ ಐದು, ಅಂದರೆ ಬಾಕಿ ಅಸಲಿನ ಶೇ 5ರಷ್ಟು ಉಳಿತಾಯ. ಖರ್ಚು ಶೇ 7 ದಾಟಿದೆ, ಹಾಗಾಗಿ ಬೇಡ. ಇದು ಅಂದಾಜು ಅಷ್ಟೇ, ನಿಜವಾದ ಉಳಿತಾಯ ಸ್ವಲ್ಪ ಜಾಸ್ತಿ ಇರುತ್ತೆ.

ನನಗೆ ಸಿಟ್ಟು ಬರೋದು ಇನ್ನೊಂದು ವಿಷಯಕ್ಕೆ. ‘ನಿಮ್ಮ ಇಎಂಐ 8,900ಕ್ಕೆ ಇಳಿಯುತ್ತೆ’ ಅಂತಾರೆ. ಇಳಿಯುತ್ತೆ ನಿಜ, ಯಾಕೆಂದರೆ 30 ಕಂತನ್ನು ಸದ್ದಿಲ್ಲದೆ 60 ಮಾಡಿರುತ್ತಾರೆ. ಕಟ್ಟುವ ಬಡ್ಡಿ 88,000ದಿಂದ 1,34,000ಕ್ಕೆ ಏರುತ್ತೆ. ಶುಲ್ಕ ಬೇರೆ. ಕೈಯಲ್ಲಿ ದುಡ್ಡೇ ಇಲ್ಲ, ತಿಂಗಳ ಕಂತು ಇಳಿಯಲೇಬೇಕು ಅನ್ನುವವರ ಮಾತು ಬೇರೆ. ಅವರಾದರೂ ಅದನ್ನು ಉಳಿತಾಯ ಅಂದುಕೊಳ್ಳಬಾರದು.

ಕ್ರೆಡಿಟ್ ಕಾರ್ಡ್ ಬಾಕಿಗೆ ಮಾತ್ರ ನನ್ನ ಉತ್ತರ ಉಲ್ಟಾ. ತಿಂಗಳಿಗೆ ಶೇ 3.5 ಬಡ್ಡಿ ಇರುವ ಕಾರ್ಡಿನಲ್ಲಿ 1 ಲಕ್ಷ ಬಾಕಿ ಇದ್ದರೆ, ಬಡ್ಡಿಯ ಮೇಲಿನ ಜಿಎಸ್‌ಟಿ ಸೇರಿ ತಿಂಗಳಿಗೆ 4,130 ಹೋಗುತ್ತೆ. ಶೇ 16ರ ಪರ್ಸನಲ್ ಲೋನ್‌ಗೆ ಶೇ 2 ಫೀ ಕಟ್ಟಿದರೂ ಜಿಎಸ್‌ಟಿ ಸೇರಿ 2,360 ಅಷ್ಟೇ. ಮೊದಲ ತಿಂಗಳಲ್ಲೇ ವಸೂಲಿ. ಕಾರ್ಡಿಗೆ ಫೋರ್‌ಕ್ಲೋಷರ್ ಕಾಟವೂ ಇಲ್ಲ.

2026ರ ಜನವರಿ 1ರಿಂದ ಮಂಜೂರಾದ ಸಾಲಕ್ಕೆ ಫೋರ್‌ಕ್ಲೋಷರ್ ಚಾರ್ಜ್ ಇಲ್ಲ ಅಂತ ಕೆಲವರು ಹೇಳುತ್ತಾರೆ. ರಿಸರ್ವ್ ಬ್ಯಾಂಕಿನ ಆ ನಿಯಮ ಫ್ಲೋಟಿಂಗ್ ಬಡ್ಡಿಯ ಸಾಲಕ್ಕೆ. ಪರ್ಸನಲ್ ಲೋನ್ ಸಾಮಾನ್ಯವಾಗಿ ಫಿಕ್ಸೆಡ್. ಹಾಗಾಗಿ ನಿಮ್ಮ ಹಳೇ ಸಾಲದ ಪತ್ರ ತೆಗೆದು ನೋಡಿ. ಹೊಸ ಬ್ಯಾಂಕು ಕೊಡುವ, ಸಾಲದ ಬಡ್ಡಿ-ಶುಲ್ಕಗಳ ವಿವರ ಇರುವ ಕೆಎಫ್‌ಎಸ್ ಪತ್ರದಲ್ಲಿ ಪ್ರೊಸೆಸಿಂಗ್ ಫೀ ಸೇರಿಸಿದ ವಾರ್ಷಿಕ ದರ ಇರುತ್ತೆ, ಆದರೆ ಹಳೇ ಬ್ಯಾಂಕಿಗೆ ನೀವು ಕಟ್ಟುವ ಚಾರ್ಜ್ ಅದರಲ್ಲಿ ಸೇರಿರಲ್ಲ.